22,000 ರೂಪಾಯಿ ವ್ಯತ್ಯಾಸ ಎಲ್ಲಿತ್ತು? ಇಬ್ಬರು ಪ್ಲಂಬರ್‌ಗಳ ಕೊಟೇಶನ್ ಹೋಲಿಸುವ ಬಗೆ

ಮೈಸೂರಿನ ನಮ್ಮ ಮನೆಗೆ ಮೂವತ್ತು ವರ್ಷ ದಾಟಿದೆ. ಗೋಡೆಯೊಳಗೆ ಹಳೆಯ ಜಿಐ ಪೈಪು. ಬಚ್ಚಲಿನ ಹಿಂದಿನ ಗೋಡೆಯಲ್ಲಿ ತೇವ ಕಾಣಿಸಿಕೊಂಡಾಗ ಇನ್ನು ತೇಪೆ ಹಾಕುವುದು ಸಾಕು, ಪೂರ್ತಿ ಬಿಚ್ಚಿ ಹೊಸದು ಮಾಡಿಸೋಣ ಅಂದುಕೊಂಡೆವು. ಎಂಟಡಿ ಉದ್ದ, ಐದಡಿ ಅಗಲದ ಸಾಧಾರಣ ಬಾತ್‌ರೂಮು. ಒಂದು ಕಮೋಡ್, ಒಂದು ವಾಶ್‌ಬೇಸಿನ್, ಶವರ್, ಬಕೆಟ್‌ಗೆ ಒಂದು ನಲ್ಲಿ, ಗೀಸರ್. ಟೈಲ್ಸ್ ಕೆಲಸಕ್ಕೆ ಬೇರೆ ಮೇಸ್ತ್ರಿ ಇದ್ದರು. ಪ್ಲಂಬಿಂಗ್‌ಗೆ ಮಾತ್ರ ಇಬ್ಬರಿಂದ ಕೊಟೇಶನ್ ತರಿಸಿದೆ.

ಮೊದಲನೆಯವರು ನಮ್ಮ ಬೀದಿಯಲ್ಲೇ ಹತ್ತು ವರ್ಷದಿಂದ ಕೆಲಸ ಮಾಡುವವರು. ಒಂದು ಹಾಳೆಯಲ್ಲಿ ಐದು ಸಾಲು ಬರೆದು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸಿದರು. ಒಟ್ಟು 44,500 ರೂಪಾಯಿ. ಎರಡನೆಯವರು ಟೈಲ್ಸ್ ಮೇಸ್ತ್ರಿ ಹೇಳಿದವರು. ಎರಡು ಪುಟ, ಇಪ್ಪತ್ತೇಳು ಸಾಲು, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಷರತ್ತು. ಒಟ್ಟು 66,500.

22,000 ರೂಪಾಯಿ ವ್ಯತ್ಯಾಸ. ಮನೆಯಲ್ಲಿ ಮೊದಲ ಮಾತು ಬಂದಿದ್ದು, "ಎರಡನೆಯವನು ದುಡ್ಡು ಕೀಳ್ತಾನೆ" ಅಂತ. ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಒಂದು ಭಾನುವಾರ ಕೂತು ಎರಡನ್ನೂ ಬಿಡಿಸಿ ನೋಡಿದಾಗ ವ್ಯತ್ಯಾಸ 3,600ರ ಹತ್ತಿರಕ್ಕೆ ಇಳಿಯಿತು. ಹೇಗೆ ಇಳಿಯಿತು ಅನ್ನುವುದನ್ನು ಅದೇ ಕ್ರಮದಲ್ಲಿ ಹೇಳುತ್ತೇನೆ. ರೇಟುಗಳು ನನಗೆ ಸಿಕ್ಕಿದ್ದವು. ನಿಮ್ಮ ಊರಲ್ಲಿ, ನಿಮ್ಮ ಅಂಗಡಿಯಲ್ಲಿ ಬೇರೆ ಇರುತ್ತವೆ.

ಮೊದಲು ನಿಮ್ಮದೇ ಪಟ್ಟಿ ಬರೆಯಿರಿ

ಎರಡು ಕೊಟೇಶನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಹೋಲಿಕೆ ಆಗುವುದಿಲ್ಲ. ಒಬ್ಬರು "ಪೈಪ್ ಫಿಟಿಂಗ್ಸ್ ಕಂಪ್ಲೀಟ್" ಅಂತ ಒಂದೇ ಸಾಲು ಬರೆದಿರುತ್ತಾರೆ, ಇನ್ನೊಬ್ಬರು ಅದನ್ನೇ ಒಂಬತ್ತು ಸಾಲು ಮಾಡಿರುತ್ತಾರೆ. ಹಾಗಾಗಿ ಮೂರನೆಯ ಕಾಗದ ಬೇಕು. ಅದು ನಿಮ್ಮದು.

ಬಚ್ಚಲಿಗೆ ಹೋಗಿ ನಿಂತುಕೊಳ್ಳಿ. ನೀರು ಎಲ್ಲೆಲ್ಲಿ ಗೋಡೆಯಿಂದ ಹೊರಗೆ ಬರಬೇಕು ಅಂತ ಎಣಿಸಿ. ಪ್ಲಂಬರ್‌ಗಳು ಇದನ್ನು ಪಾಯಿಂಟ್ ಅನ್ನುತ್ತಾರೆ. ನಮ್ಮಲ್ಲಿ ಬೇಸಿನ್‌ಗೆ ಬಿಸಿನೀರು ಒಂದು, ತಣ್ಣೀರು ಒಂದು. ಕಮೋಡ್‌ನ ಫ್ಲಶ್ ಟ್ಯಾಂಕಿಗೆ ಒಂದು, ಪಕ್ಕದ ಹೆಲ್ತ್ ಫಾಸೆಟ್‌ಗೆ ಒಂದು. ಗೀಸರ್‌ಗೆ ನೀರು ಹೋಗಲು ಒಂದು, ಬರಲು ಒಂದು. ಬಕೆಟ್ ನಲ್ಲಿ ಒಂದು. ಶವರ್ ಒಂದು, ಅದರ ಕೆಳಗಿನ ಸ್ಪೌಟ್ ಒಂದು. ಒಟ್ಟು ಒಂಬತ್ತು. ಇದರ ಜೊತೆಗೆ ನೀರನ್ನು ಶವರ್‌ಗೋ ಸ್ಪೌಟ್‌ಗೋ ತಿರುಗಿಸುವ, ಗೋಡೆಯೊಳಗೆ ಕೂರುವ ಡೈವರ್ಟರ್.

ಆಮೇಲೆ ನೀರು ಎಲ್ಲೆಲ್ಲಿ ಹೊರಗೆ ಹೋಗಬೇಕು ಅಂತ ಎಣಿಸಿ. ಬೇಸಿನ್, ನೆಲದ ನಹಾನಿ ಟ್ರ್ಯಾಪ್, ಕಮೋಡ್. ಮೂರೂ ಹೊರಗಿನ ಚೇಂಬರ್‌ವರೆಗೆ ಹೋಗಬೇಕು.

ಈ ಎಣಿಕೆ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಕೊಟೇಶನ್‌ನಲ್ಲಿ ಏನು ಬಿಟ್ಟುಹೋಗಿದೆ, ಏನು ಜಾಸ್ತಿ ಇದೆ ಎರಡೂ ಇದರ ಮೇಲೇ ಗೊತ್ತಾಗುತ್ತದೆ. ಒಂದು ಉದಾಹರಣೆ ನೋಡಿ. ಆ್ಯಂಗಲ್ ಕಾಕ್ ಅಂದರೆ ಗೋಡೆಯ ಪಾಯಿಂಟ್‌ಗೂ ಸಾಮಾನಿಗೂ ನಡುವೆ ಇರುವ ಪುಟ್ಟ ವಾಲ್ವ್. ಬೇಸಿನ್‌ಗೆ ಎರಡು, ಫ್ಲಶ್ ಟ್ಯಾಂಕಿಗೆ ಒಂದು, ಹೆಲ್ತ್ ಫಾಸೆಟ್‌ಗೆ ಒಂದು, ಗೀಸರ್‌ಗೆ ಎರಡು. ನಮಗೆ ಬೇಕಿದ್ದದ್ದು ಆರು. ಎರಡನೆಯವರ ಪಟ್ಟಿಯಲ್ಲಿ ಎಂಟು ಇತ್ತು. ಮೊದಲನೆಯವರ ಹಾಳೆಯಲ್ಲಿ ಆ ಪದವೇ ಇರಲಿಲ್ಲ.

ಇಲ್ಲೊಂದು ಮಾತು. ಎರಡನೆಯವರು ಕಷ್ಟಪಟ್ಟು ಬರೆದ ಪಟ್ಟಿಯನ್ನು ಮೊದಲನೆಯವರಿಗೆ ಫಾರ್ವರ್ಡ್ ಮಾಡಿ "ಇದಕ್ಕೆ ನಿಮ್ಮ ರೇಟ್ ಹಾಕಿ" ಅನ್ನುವವರಿದ್ದಾರೆ. ಅದು ನನಗೆ ಸರಿ ಕಾಣುವುದಿಲ್ಲ. ಅವರ ತಲೆ, ಅವರ ಅರ್ಧ ದಿನ ಅದರಲ್ಲಿ ಹೋಗಿರುತ್ತದೆ. ನಿಮ್ಮ ಪಟ್ಟಿ ಇಬ್ಬರಿಗೂ ಕೊಡಿ.

ಕಮೋಡ್, ಬೇಸಿನ್ ಎರಡನ್ನೂ ಲೆಕ್ಕದಿಂದ ಹೊರಗಿಡಿ

ಮೊದಲನೆಯವರು "ಕಮೋಡ್, ಬೇಸಿನ್ ಒಳ್ಳೆ ಕಂಪನಿ" ಅಂತ ಬರೆದು 11,500 ಹಾಕಿದ್ದರು. ಎರಡನೆಯವರು ಕಂಪನಿಯ ಹೆಸರು ಬರೆದು 14,800 ಹಾಕಿದ್ದರು. ಆದರೆ ಅವರೂ ಮಾಡೆಲ್ ನಂಬರ್ ಬರೆದಿರಲಿಲ್ಲ. ಪ್ಯಾರಿವೇರ್ ಆಗಲಿ, ಹಿಂದ್‌ವೇರ್ ಆಗಲಿ, ಸೆರಾ ಆಗಲಿ, ಒಂದೇ ಕಂಪನಿಯ ಕಮೋಡ್‌ಗಳಲ್ಲೇ ಬೆಲೆ ಎರಡು ಮೂರು ಪಟ್ಟು ಏರುತ್ತದೆ. ಕಂಪನಿ ಹೆಸರಷ್ಟೇ ಇದ್ದರೆ ಯಾವ ಬೆಲೆಯೂ ಸರಿಯೇ, ಯಾವ ಬೆಲೆಯೂ ತಪ್ಪೇ.

ಹಾಗಾಗಿ ಕಣ್ಣಿಗೆ ಕಾಣುವ, ನಾವೇ ಆರಿಸಬೇಕಾದ ಸಾಮಾನುಗಳನ್ನು ಎರಡೂ ಕೊಟೇಶನ್‌ನಿಂದ ತೆಗೆದುಬಿಟ್ಟೆ. ನಾವೇ ಅಂಗಡಿಗೆ ಹೋಗಿ ತಂದರೆ ಆಯಿತು. ಈಗ ಲೆಕ್ಕ 33,000 ಮತ್ತು 51,700ಕ್ಕೆ ಬಂತು.

ಇದರಲ್ಲಿ ಎರಡು ಎಚ್ಚರ ಬೇಕು. ಒಂದು, ನಾವು ತಂದ ಸಾಮಾನು ಕೂರಿಸುವ ಕೂಲಿ ಒಳಗೇ ಇದೆಯಾ ಅಂತ ಕೇಳಬೇಕು. ಕೆಲವರು "ನೀವೇ ತಂದ್ರೆ ಫಿಟ್ಟಿಂಗ್ ಚಾರ್ಜ್ ಬೇರೆ" ಅನ್ನುತ್ತಾರೆ. ಇಬ್ಬರೂ ಒಳಗೇ ಇದೆ ಅಂದರು. ಎರಡು, ಕಮೋಡ್ ಮೊದಲು ಆರಿಸಬೇಕು, ಪೈಪು ಆಮೇಲೆ. ಕಮೋಡ್‌ನ ಕೊಳವೆ ನೆಲಕ್ಕೆ ಇಳಿಯುವುದಾದರೆ ಅದು ಎಸ್ ಟ್ರ್ಯಾಪ್, ಹಿಂದಿನ ಗೋಡೆಗೆ ಹೋಗುವುದಾದರೆ ಪಿ ಟ್ರ್ಯಾಪ್. ಎಸ್ ಟ್ರ್ಯಾಪ್‌ನಲ್ಲಿ ಟೈಲ್ಸ್ ಅಂಟಿಸಿದ ಗೋಡೆಯಿಂದ ಕೊಳವೆಯ ನಡುಮಧ್ಯಕ್ಕೆ 4 ಇಂಚು, 9 ಇಂಚು, 12 ಇಂಚು ಅಂತ ಬೇರೆ ಬೇರೆ ಅಳತೆ ಬರುತ್ತದೆ. 9 ಇಂಚಿಗೆ ಪೈಪು ಹಾಕಿಸಿ 12 ಇಂಚಿನ ಕಮೋಡ್ ತಂದರೆ ಅದು ಅಲ್ಲಿ ಕೂರುವುದೇ ಇಲ್ಲ. ಅಳತೆ ತೆಗೆಯುವಾಗ ಬರೀ ಗೋಡೆಯಿಂದ ತೆಗೆಯಬೇಡಿ. ಗಾರೆ ಮತ್ತು ಟೈಲ್ಸ್ ದಪ್ಪವನ್ನೂ ಸೇರಿಸಿ.

ಪೈಪಿನ ಮೇಲಿನ ಅಕ್ಷರ ಓದಿ

ಗೋಡೆಯೊಳಗೆ ಮುಚ್ಚಿಹೋಗುವ ಸಾಮಾನಿಗೆ ಬ್ರ್ಯಾಂಡ್ ಹೆಸರು ಮಾತ್ರ ಸಾಲದು. ಇಬ್ಬರೂ ಸಿಪಿವಿಸಿ ಪೈಪು, ಅಂದರೆ ಬಿಸಿನೀರನ್ನೂ ತಡೆಯುವ ಪ್ಲಾಸ್ಟಿಕ್ ಪೈಪು ಅಂತ ಬರೆದಿದ್ದರು. ಇಬ್ಬರೂ ಒಂದೇ ಹೆಸರಾಂತ ಕಂಪನಿ ಬರೆದಿದ್ದರು. ಆದರೂ ಒಬ್ಬರದು 11,000, ಇನ್ನೊಬ್ಬರದು 15,200.

ಕೇಳಬೇಕಾದ ಪ್ರಶ್ನೆ ಒಂದೇ: "ಎಸ್‌ಡಿಆರ್ ಎಷ್ಟು?"

ಪೈಪಿನ ಹೊರವ್ಯಾಸವನ್ನು ಅದರ ಗೋಡೆಯ ದಪ್ಪದಿಂದ ಭಾಗಿಸಿದರೆ ಬರುವ ಸಂಖ್ಯೆ ಎಸ್‌ಡಿಆರ್. ಮನೆ ಕೆಲಸಕ್ಕೆ ಬರುವ ಸಿಪಿವಿಸಿಯಲ್ಲಿ ಸಾಮಾನ್ಯವಾಗಿ ಎರಡು ಇರುತ್ತವೆ, 11 ಮತ್ತು 13.5. ಸಂಖ್ಯೆ ಚಿಕ್ಕದಾದಷ್ಟೂ ಪೈಪು ದಪ್ಪ. ಇದು ಸ್ವಲ್ಪ ತಿರುಗಾಮುರುಗಾ, ನೆನಪಿಟ್ಟುಕೊಳ್ಳಿ. ಮುಕ್ಕಾಲು ಇಂಚಿನ ಪೈಪಿನಲ್ಲಿ ಎಸ್‌ಡಿಆರ್ 11ರ ದಪ್ಪ 2 ಮಿಲಿಮೀಟರ್ ಹತ್ತಿರ, 13.5ರದು 1.7ರ ಹತ್ತಿರ. ಕೈಯಲ್ಲಿ ಹಿಡಿದರೆ ಗೊತ್ತಾಗುವುದು ಕಷ್ಟ. ಆದರೆ ಪೈಪಿನ ಮೈಮೇಲೆ ಕಂಪನಿ ಹೆಸರು, ಅಳತೆ, ಎಸ್‌ಡಿಆರ್, ಐಎಸ್ 15778 ಅನ್ನುವ ನಂಬರ್ ಎಲ್ಲ ಅಚ್ಚಾಗಿರುತ್ತದೆ. ಸಾಮಾನು ಬಂದ ದಿನ ಅದನ್ನು ಓದಿ, ಒಂದು ಫೋಟೋ ತೆಗೆದುಕೊಳ್ಳಿ.

ಮೊದಲನೆಯವರು ಹಾಕಲಿದ್ದದ್ದು 13.5. ಅದೇನು ಕಳಪೆ ಅಲ್ಲ. ಮನೆ ಮೇಲಿನ ಟ್ಯಾಂಕಿನಿಂದ ಇಳಿಯುವ ನೀರಿನ ಒತ್ತಡ ತೀರಾ ಕಡಿಮೆ. ಹತ್ತು ಮೀಟರ್ ಎತ್ತರದಿಂದ ಇಳಿದರೆ ಒಂದು ಬಾರ್ ಆಗುತ್ತದೆ, ಅಷ್ಟೇ. ಅದನ್ನು ಎರಡೂ ಪೈಪು ಆರಾಮಾಗಿ ತಡೆಯುತ್ತವೆ. ಆದರೂ ನಾನು 11 ಬೇಕು ಅಂದೆ. ಗೋಡೆಯೊಳಗೆ ಮುಚ್ಚಿಹೋಗುವ ಪೈಪು, ಬಿಸಿನೀರಿನದು, ಮುಂದೆ ಪ್ರೆಶರ್ ಪಂಪ್ ಹಾಕಿಸಿದರೂ ಹಾಕಿಸಿದೆವು. ನಮ್ಮ ಅಳತೆಗೆ ಪೈಪಿನ ವ್ಯತ್ಯಾಸ ಸಾವಿರ ರೂಪಾಯಿಯೂ ಇರಲಿಲ್ಲ.

ನಿಜವಾದ ವ್ಯತ್ಯಾಸ ಇದ್ದದ್ದು ಬೇರೆ ಕಡೆ. ಪೈಪು ಗೋಡೆಯಿಂದ ಹೊರಬರುವ ಜಾಗದಲ್ಲಿ ಎಲ್ಬೋ ಅನ್ನುವ ಬಾಗಿದ ತುಂಡು ಇರುತ್ತದೆ. ನಲ್ಲಿಯನ್ನು ತಿರುಗಿಸಿ ಕೂರಿಸುವುದು ಅದರೊಳಗೆ. ಆ ಎಲ್ಬೋದ ಥ್ರೆಡ್ ಪ್ಲಾಸ್ಟಿಕ್‌ನದು ಇರಬಹುದು, ಒಳಗೆ ಹಿತ್ತಾಳೆ ಕೂರಿಸಿದ್ದೂ ಇರಬಹುದು. ಪ್ಲಾಸ್ಟಿಕ್ ಥ್ರೆಡ್‌ಗೆ ಲೋಹದ ನಲ್ಲಿಯನ್ನು ಸ್ವಲ್ಪ ಜೋರಾಗಿ ಬಿಗಿದರೆ ಸಣ್ಣ ಬಿರುಕು ಬಿಡುತ್ತದೆ. ಅದು ಅವತ್ತೇ ಸೋರುವುದಿಲ್ಲ. ತಿಂಗಳುಗಟ್ಟಲೆ ಒಳಗೊಳಗೇ ಜಿನುಗಿ, ಆಚೆ ಕೋಣೆಯ ಬಣ್ಣ ಉಬ್ಬಿದಾಗ ಗೊತ್ತಾಗುತ್ತದೆ. ಮುಂದೆ ನಲ್ಲಿ ಬದಲಿಸುವಾಗಲೂ ಇದೇ ಭಯ. ಹಿತ್ತಾಳೆಯದ್ದು ಸಾದಾ ಎಲ್ಬೋಗಿಂತ ಹಲವು ಪಟ್ಟು ದುಬಾರಿ. ಒಂಬತ್ತು ಪಾಯಿಂಟ್‌ಗೆ ಹಾಕಿದರೆ ಬಿಲ್ಲಿನಲ್ಲಿ ಎದ್ದು ಕಾಣುತ್ತದೆ.

ಎರಡನೆಯವರು "ಬ್ರಾಸ್ ಎಲ್ಬೋ 9" ಅಂತ ಬೇರೆ ಸಾಲು ಬರೆದಿದ್ದರು. ಮೊದಲನೆಯವರನ್ನು ಕೇಳಿದೆ. "ಬ್ರಾಸ್ ಬೇಕಂದ್ರೆ ಹಾಕೋಣ ಸಾರ್, ರೇಟ್ ಬೇರೆ ಆಗುತ್ತೆ" ಅಂದರು. ಎಸ್‌ಡಿಆರ್ 11, ಹಿತ್ತಾಳೆ ಎಲ್ಬೋ ಎರಡೂ ಸೇರಿಸಿದರೆ ಎಷ್ಟು ಅಂದೆ. 2,900 ಜಾಸ್ತಿ.

ಪೈಪು ಎಷ್ಟು ಬೇಕು ಅನ್ನುವುದನ್ನೂ ಒಮ್ಮೆ ಟೇಪ್ ಹಿಡಿದು ನೋಡಿದೆ. ತಣ್ಣೀರಿಗೆ 16 ಮೀಟರ್, ಬಿಸಿನೀರಿಗೆ 10 ಮೀಟರ್ ಬಂತು. ಮೂರು ಮೀಟರ್ ಉದ್ದದ್ದು ಒಂಬತ್ತು, ತುಂಡಾಗಿ ಹೋಗುವುದಕ್ಕೆ ಇನ್ನೊಂದು, ಹತ್ತಾದರೆ ಸಾಕು. ಎರಡನೆಯವರು ಹದಿಮೂರು ಬರೆದಿದ್ದರು. ಇದನ್ನು ಮೋಸ ಅನ್ನಲಾರೆ, ಕೆಲಸದ ನಡುವೆ ಪೈಪು ಸಾಲದೆ ಅಂಗಡಿಗೆ ಓಡುವುದು ಯಾರಿಗೂ ಬೇಡ. "ಬಳಸಿದಷ್ಟಕ್ಕೆ ಬಿಲ್, ಉಳಿದ ಪೂರ್ತಿ ಪೈಪು ಅಂಗಡಿಗೆ ವಾಪಸ್" ಅಂತ ಬರೆಸಿಕೊಂಡೆ. ಒಂದಕ್ಕೆ 380ರಂತೆ 1,140 ಕಡಿಮೆಯಾಯಿತು.

ಅರ್ಧ ಡೈವರ್ಟರ್

ನಲ್ಲಿ ಸಾಮಾನಿನಲ್ಲಿ ನಾನು ಎಡವಲಿದ್ದದ್ದು ಇಲ್ಲೇ. ಗೋಡೆಯೊಳಗೆ ಕೂರುವ ಡೈವರ್ಟರ್ ಎರಡು ಭಾಗದಲ್ಲಿ ಮಾರಾಟವಾಗುತ್ತದೆ. ಒಳಗೆ ಹೂತುಹೋಗುವ ಹಿತ್ತಾಳೆ ಬಾಡಿ ಒಂದು. ಹೊರಗೆ ಕಾಣುವ ಪ್ಲೇಟು, ಹ್ಯಾಂಡಲ್, ಗುಂಡಿ ಎಲ್ಲ ಸೇರಿದ ಅಪ್ಪರ್ ಪಾರ್ಟ್ ಇನ್ನೊಂದು. ಅಂಗಡಿಯಲ್ಲಿ ಎರಡಕ್ಕೂ ಬೇರೆ ಬೇರೆ ಕೋಡ್, ಬೇರೆ ಬೇರೆ ಬೆಲೆ.

ಮೊದಲನೆಯವರ ಹಾಳೆಯಲ್ಲಿ "ನಲ್ಲಿ, ಶವರ್, ಡೈವರ್ಟರ್ ಬ್ರ್ಯಾಂಡೆಡ್ – 9,000" ಅಂತಿತ್ತು. ಬಿಡಿಸಿ ಹೇಳಿ ಅಂದಾಗ ಒಳಗಿನ ಬಾಡಿ ಮಾತ್ರ ಹಿಡಿದಿದ್ದು ಗೊತ್ತಾಯಿತು. "ಮೇಲ್ಗಡೆದು ಡಿಸೈನ್ ನೀವು ಸೆಲೆಕ್ಟ್ ಮಾಡ್ತೀರಲ್ಲಾ ಸಾರ್, ಅದಕ್ಕೆ ಹಾಕಿಲ್ಲ" ಅಂದರು. ಅವರ ಮಾತಲ್ಲೂ ನ್ಯಾಯ ಇದೆ. ಆದರೆ ನನ್ನ ಜೇಬಿನಿಂದ 3,200 ಹೋಗುವುದಂತೂ ಹೋಗುತ್ತದೆ. ಇನ್ನೊಂದು ವಿಷಯ, ಒಂದು ಕಂಪನಿಯ ಬಾಡಿಗೆ ಇನ್ನೊಂದು ಕಂಪನಿಯ ಅಪ್ಪರ್ ಪಾರ್ಟ್ ಕೂರುವುದಿಲ್ಲ. ಬಾಡಿ ಗೋಡೆಯೊಳಗೆ ಹೋದ ಮೇಲೆ ಆರಿಸುವ ಸ್ವಾತಂತ್ರ್ಯ ಮುಗಿಯಿತು. ಎರಡರ ಕೋಡ್ ನಂಬರನ್ನೂ ಮೊದಲೇ ಬರೆಸಿ.

"ಬ್ರ್ಯಾಂಡೆಡ್" ಅನ್ನುವ ಪದವನ್ನು ಎಲ್ಲಿ ಕಂಡರೂ ಹೊಡೆದುಹಾಕಿ, ಕಂಪನಿ, ಶ್ರೇಣಿ, ಕೋಡ್ ನಂಬರ್ ಮೂರನ್ನೂ ಕೇಳಿ. ಒಂದೇ ಗುಂಪಿನಲ್ಲಿ ಬೇರೆ ಬೆಲೆಯ ಬ್ರ್ಯಾಂಡ್‌ಗಳಿರುತ್ತವೆ. ಜಾಕ್ವಾರ್ ಗುಂಪಿನಲ್ಲೇ ಎಸ್ಕೋ ಅನ್ನುವ ಕಡಿಮೆ ಬೆಲೆಯ ಬ್ರ್ಯಾಂಡ್ ಇದೆ. ಎರಡೂ ತಮ್ಮ ತಮ್ಮ ಬೆಲೆಗೆ ತಕ್ಕಂತೆ ಇರುತ್ತವೆ. ಆದರೆ "ಅದೇ ಕಂಪನಿದು" ಅಂದಾಗ ಯಾವುದು ಬರುತ್ತದೆ ಅಂತ ನಿಮಗೆ ಗೊತ್ತಿರಬೇಕು, ಅಲ್ವಾ?

ಬೆಲೆಯನ್ನು ಎಂಆರ್‌ಪಿಯಲ್ಲಿ ಬರೆದಿದ್ದಾರಾ, ಡಿಸ್ಕೌಂಟ್ ಕಳೆದು ಬರೆದಿದ್ದಾರಾ ಅಂತಲೂ ಕೇಳಿ. ನಲ್ಲಿ ಸಾಮಾನಿಗೆ ಅಂಗಡಿಯವರು ಎಂಆರ್‌ಪಿ ಮೇಲೆ ಡಿಸ್ಕೌಂಟ್ ಕೊಡುವುದು ವಾಡಿಕೆ. ಅದೇ ಕೋಡ್ ನಂಬರ್ ಹಿಡಿದು ಒಂದು ಅಂಗಡಿಗೆ ಫೋನ್ ಮಾಡಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಇನ್ನು ಚಿಲ್ಲರೆ ಸಾಮಾನು. ಆರು ಆ್ಯಂಗಲ್ ಕಾಕ್, ಫ್ಲಶ್ ಟ್ಯಾಂಕಿಗೂ ಗೀಸರ್‌ಗೂ ಮೂರು ಕನೆಕ್ಷನ್ ಪೈಪ್, ಬೇಸಿನ್ ಕೆಳಗಿನ ಬಾಟಲ್ ಟ್ರ್ಯಾಪ್, ವೇಸ್ಟ್ ಕಪ್ಲಿಂಗ್. ಮೊದಲನೆಯವರ ಹಾಳೆಯಲ್ಲಿ ಇವು ಯಾವುವೂ ಇರಲಿಲ್ಲ. ಅಂಗಡಿ ರೇಟಿನಲ್ಲಿ ಕೂಡಿಸಿದರೆ 4,400. ಚಿಲ್ಲರೆ ಅಂತ ಕರೆಯುವ ಸಾಮಾನಿಗೆ ಇಷ್ಟು ಆಗುತ್ತದೆ ಅಂತ ನಾನಂತೂ ಅಂದುಕೊಂಡಿರಲಿಲ್ಲ. ಎರಡನೆಯವರ ಪಟ್ಟಿಯಿಂದ ಎರಡು ಆ್ಯಂಗಲ್ ಕಾಕ್ ತೆಗೆಸಿದೆ, 900 ಇಳಿಯಿತು.

ಹೊರಗೆ ಹೋಗುವ ನೀರು ಎಲ್ಲಿವರೆಗೆ?

ಚರಂಡಿ ಲೈನಿನಲ್ಲಿ ಬ್ರ್ಯಾಂಡ್‌ಗಿಂತ ಮುಖ್ಯವಾದದ್ದು ಎಲ್ಲಿಂದ ಎಲ್ಲಿವರೆಗೆ ಅನ್ನುವುದು. ಮೊದಲನೆಯವರ 4,000ದಲ್ಲಿ ಹೊಸ ಪೈಪು ಹೊರಗೋಡೆಯವರೆಗೆ ಮಾತ್ರ. ಅಲ್ಲಿಂದ ಚೇಂಬರ್‌ವರೆಗೆ ಹಳೆಯದೇ. ಎರಡನೆಯವರ 6,000ದಲ್ಲಿ ಚೇಂಬರ್‌ವರೆಗೂ ಹೊಸದು. ಅಷ್ಟೂ ಮಾಡಿದರೆ ಮೊದಲನೆಯವರದು 1,900 ಏರಿತು.

ಇಲ್ಲೂ ಪೈಪಿನ ಮೇಲೆ ಓದಲು ಒಂದು ಅಕ್ಷರ ಇದೆ. ಚರಂಡಿಗೆ ಬಳಸುವ ಎಸ್‌ಡಬ್ಲ್ಯುಆರ್ ಪೈಪಿನಲ್ಲಿ ಟೈಪ್ ಎ, ಟೈಪ್ ಬಿ ಅಂತ ಎರಡು. ಟೈಪ್ ಎ ತೆಳುವಾದದ್ದು, ಮಳೆನೀರಿಗೆ, ಗಾಳಿ ಹೋಗುವ ಪೈಪಿಗೆ. ಕಮೋಡ್‌ಗೆ, ಬಚ್ಚಲ ನೀರಿಗೆ ಟೈಪ್ ಬಿ ಬೇಕು. 110 ಮಿಲಿಮೀಟರ್ ಪೈಪಿನಲ್ಲಿ ದಪ್ಪ ಒಂದು ಮಿಲಿಮೀಟರ್‌ನಷ್ಟು ಜಾಸ್ತಿ ಇರುತ್ತದೆ. ಇಬ್ಬರೂ ಟೈಪ್ ಬಿ ಅಂದರು, ಬರೆಸಿಕೊಂಡೆ.

ಕೂಲಿ ಅಂದರೆ ಯಾವ ಯಾವ ಕೆಲಸ?

9,000 ಮತ್ತು 13,500. ಇಲ್ಲಿ ಮೊದಲನೆಯವರು ನಿಜವಾಗಿಯೂ ಕಡಿಮೆ ಅಂತಲೇ ಅನ್ನಿಸಿತು. ಆದರೆ ಕೂಲಿ ಅನ್ನುವುದು ಒಂದೇ ಕೆಲಸ ಅಲ್ಲ. ಹಳೆ ಕಮೋಡ್, ಬೇಸಿನ್, ಪೈಪು ಬಿಚ್ಚುವುದು. ಗೋಡೆ ಕೊರೆದು ದಾರಿ ಮಾಡುವುದು. ಪೈಪು ಕೂಡಿಸುವುದು. ಪ್ರೆಶರ್ ಟೆಸ್ಟ್. ಆಮೇಲೆ ಹತ್ತು ಹದಿನೈದು ದಿನ ಬಿಟ್ಟು, ಟೈಲ್ಸ್ ಮುಗಿದ ಮೇಲೆ ಮತ್ತೆ ಬಂದು ಕಮೋಡ್, ನಲ್ಲಿ, ಗೀಸರ್ ಕೂರಿಸುವುದು. ಒಂದೊಂದನ್ನೇ ಹೇಳಿ "ಇದು ಒಳಗಿದೆಯಾ?" ಅಂತ ಕೇಳಿದೆ.

ಬಿಚ್ಚುವುದು, ಕೊರೆಯುವುದು ಅಂದಾಗ ಮೊದಲನೆಯವರು, "ಅದೆಲ್ಲ ಗಾರೆಯವ್ರು ಮಾಡ್ತಾರಲ್ಲಾ ಸಾರ್" ಅಂದರು. ನಮ್ಮ ಟೈಲ್ಸ್ ಮೇಸ್ತ್ರಿಯನ್ನು ಕೇಳಿದೆ. "ಕಟಿಂಗ್ ಪ್ಲಂಬರ್‌ದು. ನಾವು ಮಾಡೋದಾದ್ರೆ 3,500 ಕೊಡಿ" ಅಂದರು. ಗೀಸರ್ ಕೂರಿಸಲು ಮೊದಲನೆಯವರು 800 ಬೇರೆ ಅಂದರು. ಎರಡನ್ನೂ ಸೇರಿಸಿದರೆ 13,300. ಎರಡನೆಯವರ ಕೂಲಿಗೂ ಇದಕ್ಕೂ ಇನ್ನೂರು ರೂಪಾಯಿ ವ್ಯತ್ಯಾಸ.

ಪ್ರೆಶರ್ ಟೆಸ್ಟ್ ಬಗ್ಗೆ ಸ್ವಲ್ಪ ನಿಲ್ಲೋಣ, ಕೊನೆಗೆ ಇದೇ ನನ್ನ ತೀರ್ಮಾನ ಮಾಡಿತು. ಪೈಪಿನ ಅಂಟು ಒಣಗಲು ಒಂದು ದಿನ ಬಿಟ್ಟು, ಎಲ್ಲ ಪಾಯಿಂಟ್‌ಗೂ ಡಮ್ಮಿ ಹಾಕಿ ಮುಚ್ಚುತ್ತಾರೆ. ಗೀಸರ್ ಜಾಗದಲ್ಲಿ ಬಿಸಿ ತಣ್ಣೀರಿನ ಲೈನುಗಳನ್ನು ಒಂದು ತುಂಡು ಪೈಪಿನಿಂದ ಸೇರಿಸುತ್ತಾರೆ. ನೀರು ತುಂಬಿ, ಗಾಳಿ ಹೊರಬಿಟ್ಟು, ಕೈಪಂಪಿನಿಂದ ಒತ್ತಡ ಏರಿಸುತ್ತಾರೆ. ಪಂಪಿನ ಮೇಲಿನ ಮುಳ್ಳು ಅಲ್ಲೇ ನಿಲ್ಲಬೇಕು. ನಿಧಾನವಾಗಿ ಇಳಿಯುತ್ತಾ ಹೋದರೆ ಎಲ್ಲೋ ಜಿನುಗುತ್ತಿದೆ ಅಂತ ಅರ್ಥ. ಆಗ ಒಂದೊಂದು ಜಾಯಿಂಟ್ ಮೇಲೂ ಒಣ ಟಿಶ್ಯೂ ಒತ್ತಿ ನೋಡಿದರೆ ಸಿಕ್ಕಿಬೀಳುತ್ತದೆ. ಬರೀ ಟ್ಯಾಂಕಿನ ನೀರು ಬಿಟ್ಟು "ನೋಡಿ, ಎಲ್ಲೂ ಸೋರ್ತಿಲ್ಲ" ಅನ್ನುವುದು ಟೆಸ್ಟ್ ಅಲ್ಲ. ಟ್ಯಾಂಕಿನ ನೀರಿನ ಒತ್ತಡಕ್ಕೆ ಕೆಟ್ಟ ಜಾಯಿಂಟೂ ಕೆಲವು ದಿನ ಸುಮ್ನೆ ಇರುತ್ತದೆ.

ಎರಡನೆಯವರ ಪಟ್ಟಿಯಲ್ಲಿ ಇದು ಒಂದು ಸಾಲಾಗಿ ಇತ್ತು: "10 ಕೆಜಿ ಪ್ರೆಶರ್ ಟೆಸ್ಟ್, ಓನರ್ ಎದುರಿಗೆ, ಆಮೇಲೆ ಗಾರೆ." ಹತ್ತು ಕೆಜಿ ಅಂದರೆ ಹೆಚ್ಚುಕಡಿಮೆ ಹತ್ತು ಬಾರ್. ಮೊದಲನೆಯವರನ್ನು ಕೇಳಿದರೆ, "ಹೇಳಿದ್ರೆ ಮಾಡೋಣ ಸಾರ್, ಪಂಪ್ ಬಾಡಿಗೆಗೆ ತರ್ಬೇಕು" ಅಂದರು.

ಸಣ್ಣ ಅಕ್ಷರದ ಷರತ್ತು

ಇಲ್ಲಿವರೆಗೆ ಎರಡನೆಯವರನ್ನು ಹೊಗಳಿದ ಹಾಗಾಯಿತು. ಅವರ ಎರಡನೇ ಪುಟದ ಕೆಳಗೆ ಹೀಗಿತ್ತು: "ಪೈಪು, ಚರಂಡಿ ಸಾಮಾನಿಗೆ ಜಿಎಸ್‌ಟಿ ಪ್ರತ್ಯೇಕ." 18 ಶೇಕಡಾ. ಪೈಪು ಕಡಿಮೆ ಮಾಡಿಸಿದ ಮೇಲೂ 3,600ಕ್ಕೆ ಸ್ವಲ್ಪ ಮೇಲೆ ಬಂತು. ಮೊದಲನೆಯವರ ರೇಟಿನಲ್ಲಿ ಎಲ್ಲವೂ ಒಳಗೇ ಇತ್ತು, ಆದರೆ ಬಿಲ್ ಕೊಡುವ ಮಾತಿರಲಿಲ್ಲ. ಬಿಲ್ ಇಲ್ಲದಿದ್ದರೆ ನಲ್ಲಿ, ಡೈವರ್ಟರ್‌ಗಳ ವಾರಂಟಿ ಕೇಳುವಾಗ ತೊಂದರೆಯಾಗುತ್ತದೆ.

ಈಗ ಎರಡೂ ಒಂದೇ ನೆಲದ ಮೇಲೆ ನಿಂತವು:

| ಬಾಬ್ತು | ಮೊದಲನೆಯವರು | ಎರಡನೆಯವರು |
|---|---|---|
| ಪೈಪು, ಫಿಟಿಂಗ್ಸ್ | 13,900 | 14,060 |
| ನಲ್ಲಿ ಸಾಮಾನು | 16,600 | 16,100 |
| ಚರಂಡಿ ಲೈನು | 5,900 | 6,000 |
| ಕೂಲಿ | 13,300 | 13,500 |
| ಜಿಎಸ್‌ಟಿ | ಒಳಗೇ | 3,611 |
| ಒಟ್ಟು | 49,700 | 53,271 |

ಉಳಿದ ವ್ಯತ್ಯಾಸ 3,571. ಹೆಚ್ಚುಕಡಿಮೆ ಆ ಜಿಎಸ್‌ಟಿಯಷ್ಟೇ.

ಇದಕ್ಕಿಂತ ದೊಡ್ಡ ಖರ್ಚು ಇಬ್ಬರೂ ಬರೆಯದೆ ಬಿಟ್ಟದ್ದರಲ್ಲಿತ್ತು. ಇಬ್ಬರಲ್ಲೂ ಇಲ್ಲದ್ದು ಹೋಲಿಕೆಯಲ್ಲಿ ಕಾಣುವುದೇ ಇಲ್ಲ, ಅದಕ್ಕೇ ಅದನ್ನು ಬೇರೆಯಾಗಿ ಹುಡುಕಬೇಕು. ನಮ್ಮದರಲ್ಲಿ ನಾಲ್ಕು ಸಿಕ್ಕಿದವು. ಒಡೆದ ಇಟ್ಟಿಗೆ, ಟೈಲ್ಸ್ ಚೂರು ಸಾಗಿಸುವುದು. ಕೊರೆದ ಗೋಡೆಗೆ ಮತ್ತೆ ಗಾರೆ ಮಾಡುವುದು. ವಾಟರ್‌ಪ್ರೂಫಿಂಗ್. ಮತ್ತು ಟ್ಯಾಂಕಿನಿಂದ ಬಾತ್‌ರೂಮಿಗೆ ಇಳಿಯುವ ಲೈನು.

ಈ ಕೊನೆಯದನ್ನು ಗಟ್ಟಿಯಾಗಿ ಕೇಳಿ. ಇಬ್ಬರ ಕೊಟೇಶನ್ನೂ ಬಚ್ಚಲ ಗೋಡೆಯಿಂದ ಶುರುವಾಗುತ್ತಿತ್ತು. ಮೇಲಿನಿಂದ ಬರುವ ಜಿಐ ಪೈಪು ಹಳೆಯದೇ ಉಳಿದರೆ ಅದರ ತುಕ್ಕಿನ ಚೂರು ನೇರವಾಗಿ ಹೊಸ ಡೈವರ್ಟರ್‌ಗೆ ಬಂದು ಕೂರುತ್ತದೆ. ಶವರ್‌ನಲ್ಲಿ ನೀರು ಸಣ್ಣಗಾಗುತ್ತದೆ, ಪ್ಲಂಬರ್ ಬಂದು "ಡೈವರ್ಟರ್ ಹೋಗಿದೆ" ಅನ್ನುತ್ತಾರೆ. ಆ ಲೈನು ಬದಲಿಸಲು ಎರಡನೆಯವರು 4,800 ಕೇಳಿದರು. ಕೊಟ್ಟೆ.

ವಾಟರ್‌ಪ್ರೂಫಿಂಗ್ ಟೈಲ್ಸ್ ಮೇಸ್ತ್ರಿಯ ಲೆಕ್ಕದಲ್ಲಿತ್ತು. ಆದರೆ ನೆಲದಲ್ಲಿ ಪೈಪು ತೂರುವ ಜಾಗದ ಸುತ್ತ ಮುಚ್ಚುವುದು ಯಾರು? ಸೋರಿಕೆ ಶುರುವಾಗುವುದು ಹೆಚ್ಚಾಗಿ ಅಲ್ಲೇ. ಆಮೇಲೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದೂ ಅದಕ್ಕೇ. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಕೇಳಿದೆ. ಪೈಪಿನ ಸುತ್ತ ತುಂಬಿಸುವುದು ಪ್ಲಂಬರ್, ಅದರ ಮೇಲೆ ಕೋಟಿಂಗ್ ಮೇಸ್ತ್ರಿ, ಆಮೇಲೆ ನೆಲದಲ್ಲಿ ಎರಡು ದಿನ ನೀರು ನಿಲ್ಲಿಸಿ ನೋಡುವಾಗ ಇಬ್ಬರೂ ಇರಬೇಕು ಅಂತಾಯಿತು.

ಬರೆದುಕೊಂಡದ್ದು

ಕೆಲಸ ಎರಡನೆಯವರಿಗೆ ಕೊಟ್ಟೆ. ಮೊದಲನೆಯವರ ಬಗ್ಗೆ ನನಗೆ ಬೇಸರವಿಲ್ಲ. ರಾತ್ರಿ ಒಂಬತ್ತಕ್ಕೆ ನಲ್ಲಿ ಮುರಿದರೆ ಈಗಲೂ ಕರೆಯುವುದು ಅವರನ್ನೇ. ಆದರೆ ಪೂರ್ತಿ ಬಚ್ಚಲಿನ ಪೈಪನ್ನೇ ಗೋಡೆಯೊಳಗೆ ಮುಚ್ಚುವ ಕೆಲಸಕ್ಕೆ, ನಾನು ಕೇಳುವ ಮೊದಲೇ ಪ್ರೆಶರ್ ಟೆಸ್ಟ್ ಬರೆದವರು ಬೇಕು ಅನ್ನಿಸಿತು.

ತಿದ್ದಿದ ಪಟ್ಟಿಯ ಹಿಂಬದಿಯಲ್ಲಿ ನಾಲ್ಕು ಮಾತು ಬರೆದು ಇಬ್ಬರೂ ಸಹಿ ಹಾಕಿದೆವು. ಸಾಮಾನಿಗೆ ಅಂಗಡಿ ಬಿಲ್ ನೋಡಿ ದುಡ್ಡು. ಕೂಲಿಯಲ್ಲಿ ಅರ್ಧ ಪ್ರೆಶರ್ ಟೆಸ್ಟ್ ಆದ ಮೇಲೆ, ಉಳಿದದ್ದು ನಲ್ಲಿ ಎಲ್ಲ ಕೂರಿಸಿ ನೀರು ಬಿಟ್ಟ ಮೇಲೆ, 2,000 ಮಾತ್ರ ಒಂದು ತಿಂಗಳು ತಡೆದು. ಪಟ್ಟಿಯಲ್ಲಿ ಇಲ್ಲದ ಕೆಲಸ ಬಂದರೆ ಮೊದಲು ರೇಟ್ ಹೇಳಿ, ಒಪ್ಪಿದ ಮೇಲೆ ಶುರು. ಗಾರೆ ಮಾಡುವ ಮೊದಲು ನಾಲ್ಕೂ ಗೋಡೆಯ ಫೋಟೋ, ಪೈಪಿನ ಪಕ್ಕ ಟೇಪ್ ಹಿಡಿದು.

ಈ ಕೊನೆಯದಕ್ಕೆ ಪ್ಲಂಬರ್ ನಕ್ಕಿದ್ದರು. ಕಳೆದ ತಿಂಗಳು ಟವೆಲ್ ರಾಡ್ ಹಾಕಲು ಬಂದ ಹುಡುಗ ಗೋಡೆಯ ಮೇಲೆ ಪೆನ್ಸಿಲ್ ಗುರುತು ಮಾಡಿ ಡ್ರಿಲ್ ಎತ್ತಿದಾಗ ಆ ಫೋಟೋ ತೆಗೆದು ತೋರಿಸಿದೆ. ಗುರುತಿನ ಹಿಂದೆಯೇ ಬಿಸಿನೀರಿನ ಪೈಪು ಹೋಗಿತ್ತು. ರಾಡನ್ನು ನಾಲ್ಕು ಇಂಚು ಪಕ್ಕಕ್ಕೆ ಹಾಕಿ ಹೋದ.